98 ತಿರುಗಿದರೆ 86: ಆಕ್ಸಿಮೀಟರ್ ಮತ್ತು ಶುಗರ್ ಮಷೀನಿನ ಅಂಕಿ ಓದುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಾನು ಪುಣೆಯಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ, ಅಮ್ಮ ಇಬ್ಬರೇ ಡೊಂಬಿವಲಿಯಲ್ಲಿದ್ದಾರೆ. ಅಪ್ಪ ಹೋಟೆಲಿನಲ್ಲಿ ದುಡಿಯುತ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅಂಕಿ ಓದುತ್ತಾರೆ, ಇಂಗ್ಲಿಷ್ ಅಕ್ಷರ ಅಷ್ಟಾಗಿ ಬರೋದಿಲ್ಲ. ಮೊನ್ನೆ ಭಾನುವಾರ ಬೆಳಿಗ್ಗೆ ಫೋನ್ ಮಾಡಿ, "ಬೆರಳಿಗೆ ಹಾಕೋ ಮಷೀನಲ್ಲಿ ಮೇಲೆ 28, ಕೆಳಗೆ 86 ಬರ್ತಿದೆ" ಅಂದರು. ಗಾಬರಿಯಾಗಿ ಪಕ್ಕದ ಮನೆಯವರನ್ನು ಕಳಿಸಿದೆ. ಅವರು ನೋಡಿದರೆ 98 ಮತ್ತು 82! ಅದೇ ಹೊತ್ತಿಗೆ ಅಮ್ಮ ಅಪ್ಪನಿಗೆ ದ್ರಾಕ್ಷಿ ಬಿಡಿಸಿಕೊಟ್ಟು, ಖಾಲಿ ಹೊಟ್ಟೆಯಲ್ಲಿ ತಮ್ಮ ಶುಗರ್ ನೋಡಿಕೊಂಡರೆ 212. ಪಾತ್ರೆ ತೊಳೆದು ಬಂದು ಕಾಲು ಗಂಟೆ ಬಿಟ್ಟು ನೋಡಿದರೆ 128. ಎರಡೂ ಮಷೀನ್ ಹಾಳಾಗಿವೆಯಾ? ಹೊಸದು ತರಬೇಕಾ? ಫೋನಿನಲ್ಲಿ ಬರೀ ಅಂಕಿ ಕೇಳಿ ನಾನು ಹೇಗೆ ತಿಳಿದುಕೊಳ್ಳಲಿ?

ಉತ್ತರ: ಎರಡೂ ಮಷೀನ್ ಸರಿಯಾಗಿಯೇ ಇರುವ ಸಾಧ್ಯತೆ ಜಾಸ್ತಿ. ನೀವು ಬರೆದ ಅಂಕಿಗಳಲ್ಲೇ ಅದಕ್ಕೆ ಸಾಕ್ಷಿ ಇದೆ.

ಮೊದಲು ತಂದೆಯವರ ಆಕ್ಸಿಮೀಟರ್ ತೆಗೆದುಕೊಳ್ಳೋಣ. ಇದರ ಪರದೆಯ ಮೇಲೆ ಸಾಮಾನ್ಯವಾಗಿ ಎರಡು ದೊಡ್ಡ ಅಂಕಿ ಇರುತ್ತವೆ. `SpO2` ಅಥವಾ `%SpO2` ಎಂದು ಬರೆದಿರುವ ಕಡೆ ಬರುವುದು ರಕ್ತದಲ್ಲಿನ ಆಮ್ಲಜನಕ. ಅದು ಶೇಕಡಾ ಲೆಕ್ಕ, ಹಾಗಾಗಿ 100 ದಾಟುವುದಿಲ್ಲ. `PR` ಅಥವಾ `PRbpm` ಎಂದು ಬರೆದಿರುವ ಕಡೆ ಬರುವುದು ನಾಡಿ, ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅನ್ನುವುದು. ಆಮ್ಲಜನಕ ಮೇಲೆ, ನಾಡಿ ಕೆಳಗೆ ಇರುವ ಮಾಡೆಲ್‌ಗಳು ಬಹಳ. ಕೆಲವದರಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ.

ಪಕ್ಕದ ಮನೆಯವರು ಓದಿದ್ದು ಮೇಲೆ 98, ಕೆಳಗೆ 82. ಈಗ ಒಂದು ಕೆಲಸ ಮಾಡಿ. ಒಂದು ಕಾಗದದಲ್ಲಿ ಮೇಲೆ 98, ಅದರ ಕೆಳಗೆ 82 ಅಂತ ಬರೆಯಿರಿ. ಕ್ಯಾಲ್ಕುಲೇಟರಿನಲ್ಲಿ ಬರುತ್ತದಲ್ಲ, ಹಾಗೆ ನೆಟ್ಟನೆಯ ಗೆರೆಗಳಲ್ಲಿ ಬರೆಯಿರಿ. ಆಮೇಲೆ ಕಾಗದವನ್ನು ತಲೆಕೆಳಗು ಮಾಡಿ ನೋಡಿ. ಕೆಳಗಿದ್ದ 82 ಮೇಲೆ ಬಂದು 28 ಆಗುತ್ತದೆ. ಮೇಲಿದ್ದ 98 ಕೆಳಗೆ ಹೋಗಿ 86 ಆಗುತ್ತದೆ. ನಿಮ್ಮ ತಂದೆಯವರು ಹೇಳಿದ್ದು ಇದನ್ನೇ. ಅವರು ಅಂಕಿಯನ್ನು ಸರಿಯಾಗಿಯೇ ಓದಿದ್ದಾರೆ, ಮಷೀನ್ ಮಾತ್ರ ಅವರ ಕಡೆಗೆ ತಿರುಗಿರಲಿಲ್ಲ.

ಇದು ಹೇಗಾಗುತ್ತದೆ ಅಂದರೆ, ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಅಂಕಿ ಒಂದೇ ದಿಕ್ಕಿಗೆ ಇರುತ್ತದೆ. ಅವುಗಳಲ್ಲಿ ಕೆಲವು, ಎದುರಿಗೆ ಕುಳಿತವರಿಗೆ ನೆಟ್ಟಗೆ ಕಾಣುವ ಹಾಗೆ ಮಾಡಿದವು. ಹಾಕಿಕೊಂಡವರೇ ತಮ್ಮ ಬೆರಳು ನೋಡಿಕೊಂಡರೆ ತಲೆಕೆಳಗಾಗಿ ಕಾಣುತ್ತದೆ. ಬೇರೆ ಮಾಡೆಲ್‌ಗಳಲ್ಲಿ ಗುಂಡಿ ಒತ್ತಿದಂತೆಲ್ಲ ಪರದೆಯೇ ತಿರುಗುತ್ತದೆ. ಕೈ ತಾಗಿ ತಿರುಗಿದ್ದರೂ ಎಷ್ಟೋ ಸಲ ಗೊತ್ತಾಗುವುದಿಲ್ಲ.

ತಿರುಗಿದಾಗ ಎಲ್ಲ ಅಂಕಿಯೂ ಮೋಸ ಮಾಡುವುದಿಲ್ಲ. 7 ತಿರುಗಿದರೆ ಇಂಗ್ಲಿಷಿನ L ಹಾಗೆ ಕಾಣುತ್ತದೆ, 3 ತಿರುಗಿದರೆ E ಹಾಗೆ. ಹಾಗಾಗಿ 97 ಇದ್ದರೆ ಓದುವವರಿಗೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ. 96 ತಿರುಗಿದರೂ 96 ಆಗಿಯೇ ಉಳಿಯುತ್ತದೆ. 99 ತಿರುಗಿದರೆ 66, 95 ತಿರುಗಿದರೆ 56. ಆರಾಮವಾಗಿ ಕುಳಿತು ಮಾತಾಡುತ್ತಿರುವ ಮನುಷ್ಯನಿಗೆ 56 ಅಂತ ಬಂದರೆ ಯಾರೂ ನಂಬುವುದಿಲ್ಲ. ಆದರೆ 98 ಮತ್ತು 86ರ ಜೋಡಿ ಮಾತ್ರ ಕೆಟ್ಟದ್ದು. ಎರಡೂ ನಂಬುವ ಹಾಗಿವೆ.

ನಿಮ್ಮ ಮನೆಯಲ್ಲಿ ಆದದ್ದು ಸುಮ್ನೆ ಗಾಬರಿ. ನಾನು ಹೆಚ್ಚು ಹೆದರುವುದು ಇದರ ಉಲ್ಟಾ ಆದಾಗ. ನಿಜವಾಗಿ 86 ಇರುವವರ ಮಷೀನ್ ತಿರುಗಿದ್ದರೆ 98 ಅಂತ ಕಾಣುತ್ತದೆ. ನ್ಯುಮೋನಿಯಾ ಆಗಿ ಆಮ್ಲಜನಕ ಇಳಿಯುತ್ತಿರುವ ಮನುಷ್ಯ, "98 ಇದೆ, ಚಿಂತೆ ಇಲ್ಲ" ಅಂತ ಮನೆಯಲ್ಲೇ ಮಲಗಿಬಿಡಬಹುದು. ಆದ್ದರಿಂದ ಅಂಕಿ ಚೆನ್ನಾಗಿ ಬಂದಾಗಲೂ ದಿಕ್ಕು ನೋಡಲೇಬೇಕು.

ದಿಕ್ಕು ನೋಡುವುದು ಕಷ್ಟವಲ್ಲ. ಮಷೀನಿನ ಮೇಲೆ ಅಥವಾ ಪರದೆಯ ಒಳಗೆ `SpO2` ಅನ್ನುವ ಅಕ್ಷರ ಇದ್ದೇ ಇರುತ್ತದೆ. ಅಕ್ಷರ ನೆಟ್ಟಗೆ ಕಂಡರೆ ಅಂಕಿಯೂ ನೆಟ್ಟಗಿದೆ. ನಿಮ್ಮ ತಂದೆಯವರಿಗೆ ಇಂಗ್ಲಿಷ್ ಅಕ್ಷರ ಅಷ್ಟಾಗಿ ಬರುವುದಿಲ್ಲ ಅಂದಿರಿ. ಹಾಗಾದರೆ ಮುಂದಿನ ಸಲ ಡೊಂಬಿವಲಿಗೆ ಹೋದಾಗ ಒಂದು ಬಿಳಿ ಸ್ಟಿಕ್ಕರ್ ತೆಗೆದುಕೊಂಡು ಹೋಗಿ. ಮಷೀನಿಗೆ ಬೆರಳು ಹಾಕಿ, ಅಂಕಿ ನೆಟ್ಟಗೆ ಕಾಣುವ ಹಾಗೆ ಹಿಡಿದು, ಆಮ್ಲಜನಕದ ಅಂಕಿಯ ಪಕ್ಕ "ಆಮ್ಲಜನಕ" ಎಂದೂ, ಇನ್ನೊಂದರ ಪಕ್ಕ "ನಾಡಿ" ಎಂದೂ ಕನ್ನಡದಲ್ಲಿ ಬರೆದು ಅಂಟಿಸಿ. ಪರದೆ ತಿರುಗುವ ಮಾಡೆಲ್ ಆಗಿದ್ದರೆ ಈ ಉಪಾಯ ನಡೆಯುವುದಿಲ್ಲ, ಯಾಕೆಂದರೆ ಸ್ಟಿಕ್ಕರ್ ಇದ್ದಲ್ಲೇ ಇದ್ದು ಅಂಕಿ ಜಾಗ ಬದಲಿಸುತ್ತದೆ. ಅಂಥದ್ದಾದರೆ ಶೇಕಡಾ ಚಿಹ್ನೆಯನ್ನು ತೋರಿಸಿಕೊಡಿ. ಹೋಟೆಲಿನಲ್ಲಿ ಲೆಕ್ಕ ನೋಡಿದವರಿಗೆ `%` ಗೊತ್ತಿರುತ್ತದೆ, ಅಲ್ವಾ? `%` ಇರುವ ಕಡೆಯ ಅಂಕಿ ಮಾತ್ರ ಆಮ್ಲಜನಕ. ಆದರೆ `%` ತಿರುಗಿದರೂ ಹಾಗೇ ಕಾಣುತ್ತದೆ. ಅದರಿಂದ ಸಾಲು ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುವುದಿಲ್ಲ. ದಿಕ್ಕಿಗೆ ಪರದೆಯ ಒಳಗಿನ ಅಕ್ಷರವನ್ನೇ ನೋಡಬೇಕು. `SpO2` ಅನ್ನುವುದು ಹೇಗೆ ಕಾಣುತ್ತದೆ ಎಂದು ದೊಡ್ಡದಾಗಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದರೆ, ಓದಲು ಬರದಿದ್ದರೂ ಹೋಲಿಸಿ ನೋಡಬಹುದು.

ಕೆಲವು ಮಷೀನ್‌ಗಳಲ್ಲಿ `PI` ಅಂತ ಮೂರನೇ ಅಂಕಿಯೂ ಬರುತ್ತದೆ, 3.4 ಅಥವಾ 6.1 ಹೀಗೆ. ಬೆರಳಿಗೆ ರಕ್ತದ ಮಿಡಿತ ಎಷ್ಟು ಜೋರಾಗಿ ಬರುತ್ತಿದೆ ಅನ್ನುವುದರ ಅಳತೆ ಅದು. ಅದರ ಪಕ್ಕದಲ್ಲೂ `%` ಇರುತ್ತದೆ, ಆದರೆ ಅಂಕಿ ಸಣ್ಣದು. ಇದನ್ನು ರೋಗದ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಅಂಕಿ ಸರಿಯಾಗಿ ಓದಿದ ಮೇಲೂ ಅದನ್ನು ನಂಬಬಹುದೇ ಅನ್ನುವ ಪ್ರಶ್ನೆ ಉಳಿಯುತ್ತದೆ. ಈ ಮಷೀನ್ ಒಳಗಿನಿಂದ ಬೆರಳಿಗೆ ಎರಡು ಬೆಳಕು ಬಿಡುತ್ತದೆ. ಒಂದು ನಮಗೆ ಕಾಣುವ ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಈ ಎರಡು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತವೆ. ಆ ವ್ಯತ್ಯಾಸದಿಂದ ಶೇಕಡಾ ಲೆಕ್ಕ ಬರುತ್ತದೆ. ಚರ್ಮ, ಮೂಳೆ ಇವೂ ಬೆಳಕನ್ನು ತಡೆಯುತ್ತವೆ, ಆದರೆ ಅವು ಮಿಡಿಯುವುದಿಲ್ಲ. ಮಿಡಿತದ ಜೊತೆ ಏರಿಳಿಯುವ ಭಾಗವನ್ನು ಮಾತ್ರ ಮಷೀನ್ ಎಣಿಕೆಗೆ ತೆಗೆದುಕೊಳ್ಳುತ್ತದೆ. ಅಂದರೆ ಮಿಡಿತ ಸರಿಯಾಗಿ ಸಿಗದಿದ್ದರೆ ಆಮ್ಲಜನಕದ ಅಂಕಿಗೂ ಬೆಲೆ ಇಲ್ಲ.

ಇದರಿಂದ ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ. ಅಮ್ಮನವರು ಅಪ್ಪನವರ ಮಣಿಕಟ್ಟಿನಲ್ಲಿ ನಾಡಿ ಹಿಡಿದು, ಗಡಿಯಾರ ನೋಡುತ್ತಾ 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಲಿ. ಕೈಯಲ್ಲಿ ಎಣಿಸಿದ್ದು 80ರ ಆಸುಪಾಸಿಗೆ ಬಂದು ಮಷೀನಿನ ನಾಡಿಯೂ 82 ಇದ್ದರೆ, ಅದು ಮಿಡಿತವನ್ನು ಸರಿಯಾಗಿ ಹಿಡಿಯುತ್ತಿದೆ. ಕೈಯಲ್ಲಿ 80 ಬಂದು ಮಷೀನ್ 130 ಅಥವಾ 45 ತೋರಿಸಿದರೆ, ಪಕ್ಕದ ಆಮ್ಲಜನಕದ ಅಂಕಿಯನ್ನು ಆ ಹೊತ್ತಿಗೆ ಬಿಟ್ಟುಬಿಡಿ. ಬೆರಳು ತಣ್ಣಗಿದ್ದರೆ, ಕೈ ನಡುಗುತ್ತಿದ್ದರೆ, ಉಗುರಿಗೆ ಗಾಢ ಬಣ್ಣ ಇದ್ದರೆ ಹೀಗಾಗುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ, ಮೇಜಿನ ಮೇಲೆ ಅಲುಗಾಡದಂತೆ ಇಟ್ಟು, ಬೇರೆ ಬೆರಳಿಗೆ ಹಾಕಿ ನೋಡಬೇಕು. ಹಾಕಿದ ಕೂಡಲೇ ಬರುವ ಅಂಕಿಯನ್ನು ಬರೆದುಕೊಳ್ಳಬೇಡಿ. ಅದು ಹತ್ತಿ ಇಳಿದು ಒಂದು ಕಡೆ ನಿಲ್ಲಲು ಅರ್ಧ ನಿಮಿಷದಿಂದ ಒಂದು ನಿಮಿಷ ಬೇಕು. ಪಕ್ಕದಲ್ಲಿ ಕುಣಿಯುವ ಪಟ್ಟಿ ಅಥವಾ ಅಲೆ ಒಂದೇ ಲಯದಲ್ಲಿ ಏರಿಳಿಯುತ್ತಿದ್ದರೆ ಓದಲು ಅದೇ ಸರಿಯಾದ ಹೊತ್ತು.

ಶ್ವಾಸಕೋಶ ಚೆನ್ನಾಗಿರುವವರಿಗೆ 95ರಿಂದ 100 ಇರುತ್ತದೆ. ಮನೆಯ ಮಷೀನಿನಲ್ಲಿ ಎರಡು ಮೂರು ಅಂಕಿ ಆಚೆ ಈಚೆ ಆಗುವುದು ಸಹಜ, ಹಾಗಾಗಿ ನಿನ್ನೆ 98, ಇವತ್ತು 96 ಅಂತ ಚಿಂತಿಸಬೇಡಿ. ಮೇಲೆ ಹೇಳಿದ ಹಾಗೆ ಎಲ್ಲ ಸರಿ ಮಾಡಿ ನೋಡಿದ ಮೇಲೂ 93 ಅಥವಾ ಅದಕ್ಕಿಂತ ಕಡಿಮೆ ನಿಂತರೆ ಅವತ್ತೇ ಡಾಕ್ಟರಿಗೆ ಹೇಳಬೇಕು. 90ಕ್ಕಿಂತ ಕೆಳಗೆ ನಿಂತರೆ ಆಸ್ಪತ್ರೆಗೆ ಹೊರಡಬೇಕು. ಸಿಓಪಿಡಿ ಅನ್ನುವ ಶ್ವಾಸಕೋಶದ ಹಳೆಯ ಕಾಯಿಲೆ ಇರುವ ಕೆಲವರಿಗೆ ಡಾಕ್ಟರೇ 88ರಿಂದ 92 ಸಾಕು ಅಂತ ಹೇಳಿರುತ್ತಾರೆ. ಅವರ ಲೆಕ್ಕ ಬೇರೆ. ಇನ್ನೊಂದು ಮಾತು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಈ ಮಷೀನ್ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಆದ್ದರಿಂದ ಅಪ್ಪನವರಿಗೆ ಮಾತಿನ ನಡುವೆ ಏದುಸಿರು ಬರುತ್ತಿದ್ದರೆ, ತುಟಿ ನೀಲಿಯಾಗಿದ್ದರೆ, 95 ಇದೆ ಅಂತ ಸುಮ್ಮನಿರಬಾರದು.

ಮುಂಬೈ, ಪುಣೆಯ ಮನೆಗಳಿಗೆಂದೇ ಒಂದು ವಿಷಯ ಹೇಳಬೇಕು. ನಿಮ್ಮ ಮನೆಯಲ್ಲಿ ಬಚ್ಚಲಿಗೆ ಗ್ಯಾಸ್ ಗೀಸರ್ ಇದೆಯಾ? ಗಾಳಿ ಆಡದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ, ವಾಸನೆಯೇ ಇಲ್ಲದ ವಿಷಗಾಳಿ ತುಂಬಿಕೊಳ್ಳುತ್ತದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಆದರೆ ಆಕ್ಸಿಮೀಟರಿನ ಎರಡು ಬೆಳಕಿಗೆ ಆ ರಕ್ತವೂ ಆಮ್ಲಜನಕ ಹೊತ್ತ ರಕ್ತದ ಹಾಗೆಯೇ ಕಾಣುತ್ತದೆ. ಮನುಷ್ಯ ಸಾಯುವ ಸ್ಥಿತಿಯಲ್ಲಿದ್ದರೂ ಪರದೆಯ ಮೇಲೆ 98 ಬರಬಹುದು. ಸ್ನಾನಕ್ಕೆ ಹೋದವರು ತಲೆ ಸುತ್ತಿ ಬಿದ್ದರೆ, ಆಕ್ಸಿಮೀಟರ್ ಹುಡುಕುತ್ತಾ ಕೂರಬೇಡಿ. ಬಾಗಿಲು, ಕಿಟಕಿ ತೆಗೆದು, ಅವರನ್ನು ಹೊರಗೆಳೆದು, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಬೇಕು. ಆಸ್ಪತ್ರೆಯಲ್ಲಿ ಗ್ಯಾಸ್ ಗೀಸರ್ ಇರುವ ಬಚ್ಚಲಲ್ಲಿ ಬಿದ್ದದ್ದು ಅಂತ ಬಾಯಿ ಬಿಟ್ಟು ಹೇಳಬೇಕು, ಆಗ ಅವರು ರಕ್ತದಲ್ಲೇ ಬೇರೆ ಪರೀಕ್ಷೆ ಮಾಡುತ್ತಾರೆ.

ಇನ್ನು ಅಮ್ಮನವರ ಶುಗರ್. ಮೊದಲು 212, ಕಾಲು ಗಂಟೆಯಲ್ಲಿ 128. ಇಷ್ಟು ವ್ಯತ್ಯಾಸ ಮಷೀನಿನದೇ ಇರಬಹುದಾ? ಲೆಕ್ಕ ಹಾಕೋಣ. ಶುಗರ್ ಮಷೀನಿಗೆ ಅಂತರರಾಷ್ಟ್ರೀಯ ಮಾನದಂಡ ಒಂದಿದೆ. 100 ಅಥವಾ ಅದಕ್ಕಿಂತ ಹೆಚ್ಚಿನ ಶುಗರ್‌ನಲ್ಲಿ, ನೂರರಲ್ಲಿ 95 ಸಲವಾದರೂ ಲ್ಯಾಬಿನ ಅಂಕಿಗಿಂತ ಶೇಕಡಾ 15ರ ಒಳಗೇ ಹೆಚ್ಚು ಕಡಿಮೆ ಇರಬೇಕು. 128ರ ಶೇಕಡಾ 15 ಅಂದರೆ ಸುಮಾರು 19. ಅಂದರೆ ನಿಜವಾಗಿ 128 ಇದ್ದರೆ ಮಷೀನ್ 109ರಿಂದ 147ರ ನಡುವೆ ಏನನ್ನಾದರೂ ತೋರಿಸಬಹುದು, ಅದು ತಪ್ಪಲ್ಲ. ಆದರೆ 212 ತೋರಿಸಬಾರದು. ಖಾಲಿ ಹೊಟ್ಟೆಯಲ್ಲಿ ಪಾತ್ರೆ ತೊಳೆದದ್ದಕ್ಕೆ ಕಾಲು ಗಂಟೆಯಲ್ಲಿ ರಕ್ತದ ಶುಗರ್ 84 ಇಳಿಯುವುದೂ ಇಲ್ಲ. ಹಾಗಾದರೆ ಆ ಹೆಚ್ಚಿನ ಸಕ್ಕರೆ ಎಲ್ಲಿಂದ ಬಂತು?

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅಮ್ಮ ದ್ರಾಕ್ಷಿ ಬಿಡಿಸಿದ್ದರು. ಆಮೇಲೆ ಪಾತ್ರೆ ತೊಳೆದರು. ಮೊದಲ ಸಲ ಬೆರಳ ತುದಿಯಲ್ಲಿ ದ್ರಾಕ್ಷಿ ರಸ ಇತ್ತು, ಎರಡನೇ ಸಲ ಪಾತ್ರೆಯ ಸೋಪಿನಲ್ಲಿ ಕೈ ತೊಳೆದುಹೋಗಿತ್ತು. ದ್ರಾಕ್ಷಿ ರಸದಲ್ಲಿರುವುದು ಮಷೀನ್ ಅಳೆಯುವ ಅದೇ ಗ್ಲೂಕೋಸ್. ಸ್ಟ್ರಿಪ್ ಎಳೆದುಕೊಳ್ಳುವ ರಕ್ತ ಒಂದು ಮೈಕ್ರೋಲೀಟರಿಗಿಂತ ಕಡಿಮೆ. 128 ಶುಗರ್ ಇರುವ ಅಷ್ಟು ರಕ್ತದಲ್ಲಿರುವ ಗ್ಲೂಕೋಸ್, ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸು ಅಷ್ಟೇ. ಹಾಗಾಗಿ ಕಣ್ಣಿಗೆ ಕಾಣದಷ್ಟು ಒಣಗಿದ ಹಣ್ಣಿನ ರಸವೂ ಅಂಕಿಯನ್ನು ಎಲ್ಲಿಗೋ ಏರಿಸಿಬಿಡುತ್ತದೆ. ಸ್ಪಿರಿಟ್ ಹತ್ತಿಯಲ್ಲಿ ಒಮ್ಮೆ ಒರೆಸಿದರೂ ಈ ಜಿಗುಟು ಪೂರ್ತಿ ಹೋಗುವುದಿಲ್ಲ. ನೀರು, ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಒದ್ದೆ ಇದ್ದರೆ ರಕ್ತ ನೀರಾಗಿ ಅಂಕಿ ಕಡಿಮೆ ಬರುತ್ತದೆ.

ಇದರಲ್ಲಿ ಅಪಾಯ ಏನಪ್ಪಾ ಅಂದರೆ, ಇನ್ಸುಲಿನ್ ತೆಗೆದುಕೊಳ್ಳುವವರು 212 ನೋಡಿ ನಾಲ್ಕು ಯೂನಿಟ್ ಜಾಸ್ತಿ ಹಾಕಿಕೊಂಡುಬಿಡುತ್ತಾರೆ. ಬೆರಳ ಮೇಲಿನ ದ್ರಾಕ್ಷಿ ರಸಕ್ಕೆ ಇನ್ಸುಲಿನ್ ಕೊಟ್ಟಂತಾಗುತ್ತದೆ, ಶುಗರ್ ಕೆಳಗೆ ಬೀಳುತ್ತದೆ. ಆದ್ದರಿಂದ ದಿನದ ರೂಢಿಗೆ ಹೊಂದದ ಅಂಕಿ ಬಂದರೆ ಮೊದಲು ಕೈ ತೊಳೆದು, ಹೊಸ ಸ್ಟ್ರಿಪ್‌ನಲ್ಲಿ, ಬೇರೆ ಬೆರಳಲ್ಲಿ ನೋಡಿ. ಎರಡನೆಯ ಅಂಕಿ ಬಂದ ಮೇಲೆ ಮಾತ್ರ ಔಷಧದ ಮಾತು. ಚುಚ್ಚುವುದು ಬೆರಳ ತುದಿಯ ಬದಿಯಲ್ಲಿರಲಿ, ನೋವು ಕಡಿಮೆ. ರಕ್ತ ಬರಲಿಲ್ಲ ಅಂತ ಜೋರಾಗಿ ಹಿಂಡಬೇಡಿ, ಕೈ ಕೆಳಗೆ ಇಳಿಬಿಟ್ಟು ಬುಡದಿಂದ ನಿಧಾನವಾಗಿ ಒತ್ತಿ. ಹನಿ ಸಾಲದೇ ಹೋದಾಗ ಅದೇ ಸ್ಟ್ರಿಪ್‌ಗೆ ಮತ್ತೊಂದು ಹನಿ ಹಚ್ಚುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಮಷೀನಿನ ಪುಸ್ತಕದಲ್ಲಿ ಹಾಗೆ ಮಾಡಬಹುದು ಅಂತ ಇಲ್ಲದಿದ್ದರೆ ಆ ಸ್ಟ್ರಿಪ್ ಎಸೆದುಬಿಡಿ.

212 ಹಳೆಯ ಅಂಕಿ ಆಗಿರಬಹುದಾ ಅನ್ನುವುದನ್ನೂ ಒಮ್ಮೆ ನೋಡಿಕೊಳ್ಳಿ. ಶುಗರ್ ಮಷೀನ್‌ನಲ್ಲಿ ನೆನಪಿನ ಕೋಶ ಇರುತ್ತದೆ. ಸ್ಟ್ರಿಪ್ ಹಾಕದೆ ಗುಂಡಿ ಒತ್ತಿದರೆ ಹಿಂದಿನ ಸಲದ ಅಂಕಿ ಬರುತ್ತದೆ, ಪಕ್ಕದಲ್ಲಿ `mem` ಅಥವಾ `M` ಅಂತ ಸಣ್ಣಗೆ ಇರುತ್ತದೆ. ಹೊಸ ಅಂಕಿಯಾದರೆ ಮೊದಲು ಹನಿಯ ಚಿತ್ರ ಮಿನುಗುತ್ತದೆ, ರಕ್ತ ಹಚ್ಚಿದ ಮೇಲೆ 5, 4, 3 ಅಂತ ಇಳಿ ಎಣಿಕೆ ಬರುತ್ತದೆ ಅಥವಾ ಪರದೆಯಲ್ಲಿ ಏನೋ ಓಡುತ್ತದೆ, ಆಮೇಲೆ ಫಲಿತಾಂಶ. ಆ 5, 4, 3 ಅನ್ನು ಶುಗರ್ ಅಂತ ಓದಬಾರದು. "ಸ್ಟ್ರಿಪ್ ಇನ್ನೂ ಒಳಗಿದೆಯಾ ಅಮ್ಮಾ?" ಅಂತ ಫೋನಿನಲ್ಲಿ ಕೇಳಿದರೆ ಸಾಕು, ಅಂಕಿ ಈಗಿನದೋ ಹಳೆಯದೋ ಅಂತ ಗೊತ್ತಾಗುತ್ತದೆ. ಸೆಲ್ ಬದಲಿಸಿದಾಗ ಕೆಲವು ಮಷೀನ್‌ಗಳಲ್ಲಿ ತಾರೀಖು, ಗಂಟೆ ಅಳಿಸಿಹೋಗುತ್ತವೆ. ಅದನ್ನು ನೀವೇ ಸರಿ ಮಾಡಿಕೊಡಿ, ಇಲ್ಲದಿದ್ದರೆ ನೆನಪಿನ ಕೋಶದಿಂದ ಉಪಯೋಗವಿಲ್ಲ.

ಮಷೀನ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ನಮ್ಮಲ್ಲಿ ಮಾರುವ ಮಷೀನ್ `mg/dL` ಲೆಕ್ಕದಲ್ಲಿ ತೋರಿಸುತ್ತದೆ. ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿರುವ ಮಕ್ಕಳು ತಂದುಕೊಟ್ಟದ್ದಾದರೆ `mmol/L` ಇರುತ್ತದೆ. ಎರಡನೆಯದನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ. 7.1 ಅಂದರೆ ನಮ್ಮ 128. ಮುಂಬೈಯ ಎಷ್ಟೋ ಕನ್ನಡ ಮನೆಗಳಲ್ಲಿ ಇಂಥ ಮಷೀನ್ ಇದೆ. ಅದರಲ್ಲಿ ಬರುವ ಸಣ್ಣ ಚುಕ್ಕೆಯನ್ನು ವಯಸ್ಸಾದವರ ಕಣ್ಣು ಬಿಟ್ಟುಬಿಡುತ್ತದೆ. 11.8 ಅಂತ ಇದ್ದದ್ದನ್ನು 118 ಅಂತ ಓದುತ್ತಾರೆ. 118 ಕೇಳಿದರೆ ಯಾರಿಗೂ ಚಿಂತೆ ಆಗುವುದಿಲ್ಲ. ಆದರೆ 11.8 ಅಂದರೆ ನಮ್ಮ ಲೆಕ್ಕದಲ್ಲಿ 212. ಆದ್ದರಿಂದ "ಮಧ್ಯೆ ಚುಕ್ಕೆ ಇದೆಯಾ?" ಅಂತ ಒಂದು ಸಲ ಕೇಳಿಕೊಳ್ಳಿ. ನಿಮ್ಮ ಮನೆಯದು 212, 128 ತೋರಿಸಿದೆ ಅಂದಮೇಲೆ ಅದು `mg/dL` ಮಷೀನೇ.

ಕೆಲವೊಮ್ಮೆ ಅಂಕಿಯೇ ಬರುವುದಿಲ್ಲ, `HI` ಅಥವಾ `LO` ಅಂತ ಬರುತ್ತದೆ. `HI` ಅಂದರೆ ಮಷೀನ್ ಅಳೆಯಬಲ್ಲದ್ದಕ್ಕಿಂತ ಜಾಸ್ತಿ, ಬಹಳ ಮಷೀನ್‌ಗಳಲ್ಲಿ ಅದು 600ಕ್ಕಿಂತ ಮೇಲೆ. `LO` ಅಂದರೆ ಅಳೆಯಬಲ್ಲದ್ದಕ್ಕಿಂತ ಕಡಿಮೆ, ಸಾಮಾನ್ಯವಾಗಿ 20 ಅಥವಾ 10ರ ಕೆಳಗೆ. ಎರಡೂ ಕೆಟ್ಟುಹೋದ ಮಷೀನಿನ ಗುರುತಲ್ಲ. ಆದರೆ `E` ಇಂದ ಶುರುವಾಗುವುದು, `E-1`, `E-3`, `Er4` ಇಂಥವು, ಶುಗರ್ ಅಲ್ಲವೇ ಅಲ್ಲ. ಸ್ಟ್ರಿಪ್ ಹಳೆಯದು, ರಕ್ತ ಸಾಲದು, ಸೆಲ್ ಮುಗಿದಿದೆ, ಹೀಗೆ ಏನೋ ತಕರಾರು. ಯಾವ ಅಂಕಿಗೆ ಯಾವ ಅರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬಿಯಲ್ಲಿರುವ ಪುಸ್ತಕದಲ್ಲೇ ನೋಡಬೇಕು. ಆ ಪುಟದ ಫೋಟೋ ನಿಮ್ಮ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಅಮ್ಮನವರಿಗೆ `LO` ಬಂದು, ಅಥವಾ 70ಕ್ಕಿಂತ ಕಡಿಮೆ ಬಂದು, ಬೆವರು, ನಡುಕ, ತಲೆ ಮಂಕು ಇದ್ದರೆ ಮತ್ತೆ ನೋಡುತ್ತಾ ಕೂರಬಾರದು. ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ನೋಡಿ, ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಮಷೀನ್ `LO` ಅನ್ನುತ್ತಿದ್ದರೂ ಅಮ್ಮ ಚೆನ್ನಾಗಿ ಮಾತಾಡುತ್ತಾ ಓಡಾಡಿಕೊಂಡಿದ್ದರೆ ಸ್ಟ್ರಿಪ್ ಮೇಲೆ ಅನುಮಾನ ಪಡಿ, ಕೂಡಲೇ ಹೊಸದರಲ್ಲಿ ನೋಡಿ. `HI` ಬಂದರೆ ಕೈ ತೊಳೆದು ಇನ್ನೊಮ್ಮೆ ನೋಡಿ. ಮತ್ತೆ `HI` ಬಂದರೆ ಅವತ್ತೇ, ಆ ಹೊತ್ತೇ ಆಸ್ಪತ್ರೆ.

ಫೋನಿನಲ್ಲಿ ತಿಳಿದುಕೊಳ್ಳುವ ಬಗ್ಗೆ ಕೇಳಿದ್ದಿರಿ. ಬರೀ ಅಂಕಿ ಕೇಳಿದರೆ ಯಾವ ಮಷೀನಿನದು ಅನ್ನುವುದೇ ಗೊತ್ತಾಗದೇ ಹೋಗಬಹುದು. "128 ಇದೆ" ಅಂದರೆ ಅದು ಶುಗರ್ ಇರಬಹುದು, ಬಿಪಿ ಮಷೀನಿನ ಮೇಲಿನ ಅಂಕಿಯೂ ಇರಬಹುದು. "98 ಇದೆ" ಅಂದರೆ ಆಮ್ಲಜನಕವೂ ಇರಬಹುದು, ಥರ್ಮಾಮೀಟರಿನ ಜ್ವರದ ಲೆಕ್ಕವೂ ಇರಬಹುದು. ಬಹಳ ಮನೆಗಳಲ್ಲಿ ಇವೆಲ್ಲ ಒಂದೇ ಡಬ್ಬಿಯಲ್ಲಿರುತ್ತವೆ. ಮಷೀನಿನ ಹೆಸರು ಕೇಳುವುದಕ್ಕಿಂತ ಏನು ಮಾಡಿದಿರಿ ಅಂತ ಕೇಳಿ: "ಬೆರಳು ಒಳಗೆ ಇಟ್ಟದ್ದಾ, ಬೆರಳು ಚುಚ್ಚಿದ್ದಾ, ತೋಳಿಗೆ ಪಟ್ಟಿ ಸುತ್ತಿದ್ದಾ?" ಇದಕ್ಕೆ ಉತ್ತರ ತಪ್ಪುವುದಿಲ್ಲ. ಆಮೇಲೆ ಪರದೆಯ ಎಲ್ಲ ಅಂಕಿಯನ್ನೂ ಮೇಲಿನಿಂದ ಕೆಳಕ್ಕೆ ಓದಿಸಿ, ಒಂದನ್ನೇ ಅಲ್ಲ. ಅಪ್ಪನವರು 86ರ ಜೊತೆ 28 ಅನ್ನೂ ಹೇಳಿದ್ದರಿಂದಲೇ ಈ ಗಂಟು ಬಿಡಿಸಲು ಆಯಿತು. ಎಚ್ಚರವಾಗಿ ಕುಳಿತು ಫೋನಿನಲ್ಲಿ ಮಾತಾಡುವವರ ನಾಡಿ 28 ಇರುವುದು ಬಹಳ ಅಪರೂಪ. ವಾಟ್ಸಾಪ್ ಫೋಟೋ ಕಳಿಸುವುದು ಸಾಧ್ಯವಾದರೆ ಇನ್ನೂ ಒಳ್ಳೆಯದು. ಆದರೆ ಆಕ್ಸಿಮೀಟರ್ ಬೆರಳಿನಲ್ಲಿ ಇರುವಾಗಲೇ ತೆಗೆಯಬೇಕು, ಬೆರಳು ತೆಗೆದ ಸ್ವಲ್ಪ ಹೊತ್ತಿಗೆ ಅದು ತಾನೇ ಆರಿಹೋಗುತ್ತದೆ. ಫೋಟೋದಲ್ಲಿ ಬರೀ ಅಂಕಿಯನ್ನು ಹತ್ತಿರದಿಂದ ಹಿಡಿಯದೆ ಇಡೀ ಮಷೀನ್ ಕಾಣುವ ಹಾಗಿರಲಿ. ಆಗ ಅಕ್ಷರದ ದಿಕ್ಕು ನಿಮಗೇ ಕಾಣುತ್ತದೆ.

ಹೊಸದು ತರಬೇಕಾ ಅನ್ನುವುದಕ್ಕೆ ಬರುತ್ತೇನೆ. ಆಕ್ಸಿಮೀಟರ್ ಬದಲಿಸುವ ಕಾರಣ ನನಗೆ ಕಾಣುತ್ತಿಲ್ಲ. ಅಪ್ಪ ಒಬ್ಬರೇ ನೋಡಿಕೊಳ್ಳುವುದಾದರೆ ಮತ್ತು ಈಗಿರುವುದು ಅವರಿಗೆ ಯಾವಾಗಲೂ ತಲೆಕೆಳಗಾಗಿ ಕಾಣುವ ಮಾಡೆಲ್ ಆಗಿದ್ದರೆ, ಆಗ ಮಾತ್ರ ಪರದೆ ತಿರುಗಿಸಲು ಬರುವಂಥದ್ದನ್ನು ಮೆಡಿಕಲ್ ಅಂಗಡಿಯಲ್ಲೇ ಬೆರಳಿಗೆ ಹಾಕಿ ನೋಡಿ ತನ್ನಿ. ಶುಗರ್ ಮಷೀನಿನಲ್ಲಿ ಮೊದಲು ಸ್ಟ್ರಿಪ್ ಡಬ್ಬಿ ನೋಡಿ. ಮುಂಬೈಯ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಬೇಗ ಕೆಡುತ್ತದೆ. ಡಬ್ಬಿಯ ಮುಚ್ಚಳದಲ್ಲೋ ಗೋಡೆಯಲ್ಲೋ ತೇವ ಹೀರುವ ಪುಡಿ ಇರುತ್ತದೆ, ಹಾಗಾಗಿ ಒಂದು ಸ್ಟ್ರಿಪ್ ತೆಗೆದ ಕೂಡಲೇ ಮುಚ್ಚಬೇಕು, ನಾಲ್ಕು ಸ್ಟ್ರಿಪ್ ತೆಗೆದು ಪೌಚಿನಲ್ಲಿ ಇಟ್ಟುಕೊಳ್ಳಬಾರದು. ಫ್ರಿಜ್‌ನಲ್ಲೂ ಬೇಡ, ಗ್ಯಾಸ್ ಒಲೆಯ ಮೇಲಿನ ಕಪಾಟಿನಲ್ಲೂ ಬೇಡ. ಡಬ್ಬಿಯ ಮೇಲಿನ ಎಕ್ಸ್‌ಪೈರಿ ಅಲ್ಲದೆ, ತೆರೆದ ಮೇಲೆ ಇಷ್ಟು ತಿಂಗಳು ಅಂತ ಕೆಲವು ಕಂಪನಿಗಳು ಬೇರೆ ಗಡುವು ಬರೆದಿರುತ್ತವೆ. ತೆರೆದ ತಾರೀಖನ್ನು ಪೆನ್ನಿನಲ್ಲಿ ಡಬ್ಬಿಯ ಮೇಲೆ ಬರೆದಿಡಿ.

ಸ್ಟ್ರಿಪ್ ಸರಿ ಇದ್ದೂ ಮಷೀನ್ ಮೇಲೆ ಅನುಮಾನ ಉಳಿದರೆ, ಅಮ್ಮನವರ ಮುಂದಿನ ಲ್ಯಾಬ್ ಪರೀಕ್ಷೆಯ ದಿನ ಮಷೀನನ್ನೂ ಜೊತೆಗೆ ಕಳಿಸಿ. ಖಾಲಿ ಹೊಟ್ಟೆಯಲ್ಲೇ ಹೋಗಬೇಕು, ಯಾಕೆಂದರೆ ಊಟದ ಮೇಲೆ ಬೆರಳಿನ ರಕ್ತದಲ್ಲಿ ಶುಗರ್ ತೋಳಿನ ರಕ್ತಕ್ಕಿಂತ ಸಹಜವಾಗಿಯೇ ಜಾಸ್ತಿ ಇರುತ್ತದೆ. ತೋಳಿನಿಂದ ರಕ್ತ ತೆಗೆದ ಐದು ನಿಮಿಷದ ಒಳಗೆ, ತೊಳೆದು ಒರೆಸಿದ ಕೈಯಲ್ಲಿ ಬೆರಳು ಚುಚ್ಚಿ ಮಷೀನಿನಲ್ಲೂ ನೋಡಿ ಬರೆದಿಟ್ಟುಕೊಳ್ಳಲಿ. ಸಂಜೆ ಲ್ಯಾಬಿನ ರಿಪೋರ್ಟ್ 130 ಅಂತ ಬಂದು ಮಷೀನ್ 111ರಿಂದ 149ರ ನಡುವೆ ತೋರಿಸಿದ್ದರೆ ಅದನ್ನೇ ಬಳಸಿ. ಅದರಾಚೆ ಹೋಗಿದ್ದರೆ ಹೊಸ ಸ್ಟ್ರಿಪ್ ಡಬ್ಬಿ ತೆರೆದು ಇನ್ನೊಂದು ದಿನ ಇದೇ ರೀತಿ ಹೋಲಿಸಿ. ಆಗಲೂ ಹೊಂದದಿದ್ದರೆ ಮಷೀನ್ ಬದಲಿಸಿ.